ಪಿನ್ ಕೋಡ್ ಮತ್ತು ಕೊರಿಯರ್‌ನ ಗಡಿ

1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್ ಕೋಡ್ ಅಂಚೆ ಇಲಾಖೆಯ ಸ್ವತ್ತು. 577411 ಎಂಬ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಪತ್ರ ವಿಂಗಡಣೆಯಾಗುವ ಪ್ರದೇಶವನ್ನು ಸೂಚಿಸಿದರೆ, ಕೊನೆಯ ಮೂರು ಆಗುಂಬೆಯ ಬಟವಾಡೆ ಕಚೇರಿಯನ್ನು ಹೇಳುತ್ತವೆ. ಖಾಸಗಿ ಕೊರಿಯರ್‌ಗಳು ಈ ಸಂಖ್ಯೆಯನ್ನು ಎರವಲು ಪಡೆದಿವೆ. ಆದರೆ ಅದು ಸೂಚಿಸುವ ಎಲ್ಲ ಊರುಗಳಿಗೂ ಹೋಗುವ ಹೊಣೆಯನ್ನು ಪಡೆದಿಲ್ಲ.

ಬೆಂಗಳೂರಿನ ಮಗನೊಬ್ಬ ಆಗುಂಬೆ ಸಮೀಪದ ಹಳ್ಳಿಯಲ್ಲಿರುವ ತಾಯಿಗೆ ರಕ್ತದೊತ್ತಡ ಅಳೆಯುವ ಯಂತ್ರವನ್ನು ಆನ್‌ಲೈನ್‌ನಲ್ಲಿ ತರಿಸಬೇಕೆಂದಿದ್ದಾನೆ ಎನ್ನೋಣ. ಹಣ ಪಾವತಿಸುವ ಮುನ್ನ, ಆ ವಸ್ತುವಿನ ಪುಟದಲ್ಲಿಯೇ ಪಿನ್ ಕೋಡ್ ನಮೂದಿಸಿ ನೋಡಬೇಕು. ಮಾರಾಟಗಾರ ಹಾಗೂ ವಸ್ತುವಿನ ತೂಕ ಬದಲಾದಂತೆ ಉತ್ತರವೂ ಬದಲಾಗಬಹುದು. ಕಳೆದ ತಿಂಗಳು ಪುಸ್ತಕ ಬಂದಿತ್ತೆಂದ ಮಾತ್ರಕ್ಕೆ ಯಂತ್ರವೂ ಬರಬೇಕೆಂದಿಲ್ಲ. ವಸ್ತು ತಲುಪಿದಾಗ ಹಣ ಕೊಡುವ ಸೌಲಭ್ಯ ಮತ್ತು ದೋಷವಿದ್ದರೆ ಮನೆಯಿಂದಲೇ ಹಿಂಪಡೆಯುವ ಸೌಲಭ್ಯ ಇವೆಯೇ ಎಂಬುದನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕು.

'ಹೌದು' ಎಂಬ ಉತ್ತರವೂ ಪೂರ್ಣ ಭರವಸೆಯಲ್ಲ. ಒಂದೇ ಪಿನ್ ಕೋಡ್‌ನಡಿ ಹಲವು ಹಳ್ಳಿಗಳಿರುತ್ತವೆ. ಕೊರಿಯರ್ ಮುಖ್ಯ ಊರಿನವರೆಗೆ ಮಾತ್ರ ಬಂದು, 'ಇಲ್ಲಿಗೆ ಬಂದು ಒಯ್ಯಿರಿ' ಎನ್ನಬಹುದು. ಮಾರಾಟಗಾರರಿಂದ ಕೊರಿಯರ್‌ನ ಹೆಸರು ತಿಳಿದು, ಅದರ ಸ್ಥಳೀಯ ಶಾಖೆಗೆ ಹಳ್ಳಿಯ ಹೆಸರು ಹೇಳಿ ಕೇಳುವುದು ಕ್ಷೇಮ.

ಉತ್ತರ 'ಇಲ್ಲ' ಎಂದಾದರೆ, ಆಗುಂಬೆಯ ವಿಳಾಸಕ್ಕೆ ತೀರ್ಥಹಳ್ಳಿಯ 577432 ಅನ್ನು ಜೋಡಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ಅದು ತಪ್ಪು. ಗೋದಾಮಿನಲ್ಲಿ ಪೊಟ್ಟಣದ ದಾರಿಯನ್ನು ನಿರ್ಧರಿಸುವುದು ಪಿನ್ ಕೋಡ್. ವಿಳಾಸವನ್ನು ಓದುವವನು ಕೊನೆಯ ಬಟವಾಡೆದಾರ. ಊರು ತನ್ನ ವ್ಯಾಪ್ತಿಯಲ್ಲಿಲ್ಲವೆಂದು ಅವನು ಕಂಡಾಗ ಪೊಟ್ಟಣ ತೀರ್ಥಹಳ್ಳಿಯಲ್ಲೇ ಉಳಿದು, ಕೊನೆಗೆ ಕಳುಹಿಸಿದವರಿಗೇ ಮರಳಬಹುದು. ವಿಳಾಸವನ್ನು ಬದಲಿಸುವುದಾದರೆ ಪೂರ್ತಿಯಾಗಿ ಬದಲಿಸಬೇಕು: ತೀರ್ಥಹಳ್ಳಿಯ ಬಂಧುವಿನ ಅಥವಾ ಪರಿಚಿತ ಅಂಗಡಿಯವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಅವರ ಒಪ್ಪಿಗೆಯೊಂದಿಗೆ.

ಅಂಥವರಿಲ್ಲದಿದ್ದರೆ, ಅಂಚೆಯಲ್ಲಿ ಕಳುಹಿಸುವಿರಾ ಎಂದು ಮಾರಾಟಗಾರರನ್ನು ಕೇಳಬಹುದು. ಅವರು ಒಪ್ಪದಿದ್ದರೆ ಯಂತ್ರವನ್ನು ಬೆಂಗಳೂರಿನ ಮನೆಗೇ ತರಿಸಿ, ಸ್ಪೀಡ್ ಪೋಸ್ಟ್‌ನಲ್ಲಿ ಊರಿಗೆ ಕಳುಹಿಸುವುದು ಉಳಿದಿರುವ ದಾರಿ. ಇಲ್ಲೊಂದು ಎಚ್ಚರ ಅಗತ್ಯ. ಹಿಂದಿರುಗಿಸುವ ಅವಧಿ ಸಾಮಾನ್ಯವಾಗಿ ಬೆಂಗಳೂರಿಗೆ ತಲುಪಿದ ದಿನದಿಂದಲೇ ಎಣಿಕೆಯಾಗುತ್ತದೆ. ಆದ್ದರಿಂದ ಯಂತ್ರವನ್ನು ಅಲ್ಲಿಯೇ ಬಿಚ್ಚಿ, ಚಲಾಯಿಸಿ ನೋಡಿ, ರಸೀದಿಯನ್ನು ತೆಗೆದಿಟ್ಟುಕೊಂಡು, ಮತ್ತೆ ಭದ್ರವಾಗಿ ಕಟ್ಟಿ ಕಳುಹಿಸಬೇಕು. ದೋಷವಿರುವ ಯಂತ್ರ ಹಳ್ಳಿಗೆ ತಲುಪಿದರೆ ತಾಯಿಗೆ ತಪ್ಪು ಅಳತೆ ಸಿಗುತ್ತದೆ. ಅದನ್ನು ಮರಳಿ ಒಯ್ಯಲು ಆ ಊರಿಗೆ ಯಾವ ಕೊರಿಯರ್ ಕೂಡ ಬರುವುದಿಲ್ಲ.