ಅಡ್ವಾನ್ಸ್‌ನಲ್ಲಿ ಮುರಿದುಕೊಂಡ ಹಣಕ್ಕೆ ಲೆಕ್ಕ ಕೇಳಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಜಗಳ ಶುರುವಾಗುವುದು ಬಹುತೇಕ ಅಡ್ವಾನ್ಸ್ ಹಣದಲ್ಲೇ. ಒಂದು ಉದಾಹರಣೆ ನೋಡೋಣ. ಬಾಡಿಗೆ 20,000, ಅಡ್ವಾನ್ಸ್ ಒಂದು ಲಕ್ಷ. ಕೀ ಕೊಟ್ಟು ಬಂದ ಮೇಲೆ ಬಾಡಿಗೆದಾರರ ಖಾತೆಗೆ ಬಂದದ್ದು 58,000. ಪೇಂಟಿಂಗ್ 20,000, ಗೀಸರ್ 12,000, ಕ್ಲೀನಿಂಗ್ 5,000, ಕರೆಂಟ್ ಬಿಲ್ 5,000 ಎಂದು ಓನರ್ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಾಲು ಬರೆದು ಸುಮ್ಮನಾಗಿದ್ದಾರೆ.

ಇಲ್ಲಿ ಮೊದಲು ಅಗ್ರಿಮೆಂಟ್ ತೆಗೆದು ಓದಬೇಕು. ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯಲಾಗುತ್ತದೆ ಎಂಬ ಷರತ್ತು ನಮ್ಮ ಊರಿನ ಕರಾರುಗಳಲ್ಲಿ ಸಾಮಾನ್ಯ. ಅದಕ್ಕೆ ಸಹಿ ಹಾಕಿದ್ದರೆ ಆ 20,000ದ ಬಗ್ಗೆ ವಾದ ಮಾಡಿ ಗೆಲ್ಲುವುದು ಕಷ್ಟ. ಅದನ್ನು ಒಪ್ಪಿಕೊಂಡು ಮಾತಾಡಿದರೆ ಉಳಿದ ಪ್ರಶ್ನೆಗಳಿಗೆ ತೂಕ ಬರುತ್ತದೆ.

ಗೀಸರ್ ವಿಷಯ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯ ಸವೆತಕ್ಕೆ ಅವನು ಹೊಣೆಯಲ್ಲ. ಎಂಟು ವರ್ಷ ಹಳೆಯ ಗೀಸರ್‌ನ ಕಾಯಿಲ್ ತಾನಾಗಿ ಸುಟ್ಟರೆ ಅದು ಸವೆತ. ಗೋಡೆಯಿಂದ ಕಿತ್ತು ಬಿದ್ದು ಒಡೆದಿದ್ದರೆ ಬಾಡಿಗೆದಾರರ ಜವಾಬ್ದಾರಿಯ ಪ್ರಶ್ನೆ ಬರುತ್ತದೆ. ಹಾಗಾಗಿ ಮೆಕ್ಯಾನಿಕ್ ಕೊಟ್ಟ ಬಿಲ್‌ನಲ್ಲಿ ಏನು ಕೆಟ್ಟಿತ್ತೆಂದು ಬರೆದಿರುವುದೇ ಮುಖ್ಯ.

ಕರೆಂಟ್ ಬಿಲ್ ಅಂದಾಜಿನ ವಿಷಯವಲ್ಲ. ಕೀ ಕೊಟ್ಟ ದಿನದ ಮೀಟರ್ ರೀಡಿಂಗಿನ ಫೋಟೋ ಇದ್ದರೆ ಬೆಸ್ಕಾಂ ಬಿಲ್ಲಿನ ಜೊತೆ ಹೋಲಿಸಿದರೆ ಸಾಕು. ಈ ಉದಾಹರಣೆಯಲ್ಲಿ ಬಾಕಿ ಇದ್ದದ್ದು 1,850 ಮಾತ್ರ.

ಹಣ ಕೇಳುವುದನ್ನು ಫೋನಿನಲ್ಲಿ ಮಾಡಬೇಡಿ, ಬರೆದು ಕಳಿಸಿ. ಹೀಗೆ ಬರೆಯಬಹುದು: ‘ಸರ್, ನಮಸ್ಕಾರ. ಪೇಂಟಿಂಗ್‌ನ 20,000 ಅಗ್ರಿಮೆಂಟ್ ಪ್ರಕಾರ ಸರಿ, ಒಪ್ಪಿದ್ದೇನೆ. ಕರೆಂಟ್ ಬಿಲ್ 1,850 ಬಂದಿದೆ, ಫೋಟೋ ಕಳಿಸಿದ್ದೇನೆ. ಗೀಸರ್ ಮತ್ತು ಕ್ಲೀನಿಂಗ್‌ಗೆ ಆದ ಖರ್ಚಿನ ಬಿಲ್ ದಯವಿಟ್ಟು ಕಳಿಸಿ. ಇಲ್ಲವಾದರೆ ಬಾಕಿ 20,150 ರೂಪಾಯಿಯನ್ನು ಹದಿನೈದು ದಿನದೊಳಗೆ ಖಾತೆಗೆ ಹಾಕಿ.’ ಕೊನೆಯ ಮೊತ್ತ ನಿಖರವಾಗಿರಲಿ. ‘ನನ್ನ ದುಡ್ಡು ವಾಪಸ್ ಕೊಡಿ’ ಎಂದಷ್ಟೇ ಬರೆದರೆ ಉತ್ತರ ಜಾರಿಕೊಳ್ಳುತ್ತದೆ.

ಬಿಲ್ ಬಂದರೆ ನ್ಯಾಯವಾದದ್ದನ್ನು ಒಪ್ಪಿಕೊಳ್ಳಬೇಕು. ಉತ್ತರವೇ ಬಾರದಿದ್ದರೆ ವಕೀಲರ ಮೂಲಕ ನೋಟಿಸ್, ಆಮೇಲೆ ಸಿವಿಲ್ ದಾವೆ. ಹಣ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇದೆ. ಇಪ್ಪತ್ತು ಸಾವಿರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ಯಾರಿಗೂ ಬೇಡ, ಅದು ಓನರ್‌ಗಳಿಗೂ ಗೊತ್ತು. ದಾವೆಗೆ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಗೆ ಪ್ರಯತ್ನಿಸಬಹುದು. ಅದಕ್ಕೆ ಕೋರ್ಟ್ ಶುಲ್ಕವಿಲ್ಲ, ಇಬ್ಬರೂ ಒಪ್ಪಿ ಸಹಿ ಹಾಕಿದ ರಾಜಿಗೆ ಕೋರ್ಟ್ ಡಿಕ್ರಿಯ ಬಲವಿದೆ.