ಜೌಗಿನ ಮೇಲಣ ರಸ್ತೆ: ಫ್ಲೋಮ್ ಸೇತುವೆಯ ಪಾಠ

(ದೃಶ್ಯ: ಸೇತುವೆಯ ಬಳಿ ಕುಸಿದ ರಸ್ತೆ)
ನಾರ್ವೆಯ ಓಸ್ಲೋ ಸಮೀಪದ ಫ್ಲೋಮ್ ಸೇತುವೆಯನ್ನು ಸೇರುವ ರಸ್ತೆಯು, ಅರೆಕೊಳೆತ ಸಸ್ಯಶೇಷಗಳಿಂದಾದ ಸುಮಾರು 3 ಮೀಟರ್ ಪೀಟ್ ಮಣ್ಣಿನ ಮೇಲೂ, ಅದರಡಿಯ ಮೃದುವಾದ ಜೇಡಿಯ ಮೇಲೂ ನಿಂತುದರಿಂದ ವರ್ಷೇ ವರ್ಷೇ ಕುಸಿಯುತ್ತಿತ್ತು. ಮಣ್ಣು ಸುರಿದು ಮಟ್ಟ ಮಾಡಿದಷ್ಟೂ ಭಾರ ಹೆಚ್ಚಿ, ಕುಸಿತವೂ ಹೆಚ್ಚುತ್ತಿತ್ತು.

(ದೃಶ್ಯ: ಎತ್ತರದ ಮಣ್ಣಿನ ರಾಶಿ)
ಇಂತಹ ಮೃದು ನೆಲದಲ್ಲಿ, ಮುಂದೆ ರಸ್ತೆಯಿಂದ ಬೀಳುವ ಭಾರಕ್ಕಿಂತ ಅಧಿಕವಾದ ಮಣ್ಣನ್ನು ಮೊದಲೇ ಹಂತಹಂತವಾಗಿ ಹೇರಿ, ತಿಂಗಳುಗಟ್ಟಲೆ ಕಾದು, ಹೆಚ್ಚುವರಿಯನ್ನು ತೆಗೆಯುವ ಪೂರ್ವಭಾರ ವಿಧಾನವು ಅಗ್ಗವಾದುದು. ಆದರೆ ಆತುರದಿಂದ ಹೇರಿದರೆ ಅಂಚಿನ ನೆಲ ಉಬ್ಬಿ, ಏರಿಯೇ ಜಾರುವುದುಂಟು.

(ದೃಶ್ಯ: ನೆಲಕ್ಕಿಳಿಯುವ ಕಂಬಗಳು)
ಗಟ್ಟಿ ಪದರವನ್ನು ಮುಟ್ಟುವ ಕಂಬಗಳು ಕುಸಿತವನ್ನು ಬಹುಮಟ್ಟಿಗೆ ತಡೆಯುತ್ತವೆಯಾದರೂ ವೆಚ್ಚ ಅಪಾರ. ಕಂಬಗಳಿಲ್ಲದ ಭಾಗ ಮಾತ್ರ ಇಳಿಯುವಾಗ, ಸಂಧಿಯಲ್ಲಿ ಮೆಟ್ಟಿಲು ಮೂಡುತ್ತದೆ.

(ದೃಶ್ಯ: ಬಿಳಿಯ ದಿಮ್ಮಿಗಳ ಜೋಡಣೆ)
1972ರಲ್ಲಿ ಫ್ಲೋಮ್ ಸೇತುವೆಯ ಬಳಿ ಎಂಜಿನಿಯರರು, ರಸ್ತೆಯಡಿಯ ಒಂದು ಮೀಟರಿನಷ್ಟು ಮಣ್ಣನ್ನು ತೆಗೆದು ಥರ್ಮೋಕೋಲ್ ದಿಮ್ಮಿಗಳನ್ನು ಇರಿಸಿದರು. ಮಣ್ಣು ಘನಮೀಟರಿಗೆ ಸುಮಾರು 2000 ಕಿಲೋ ತೂಗಿದರೆ, ಥರ್ಮೋಕೋಲ್ ಸುಮಾರು 20 ಕಿಲೋ. ಹೊರೆ ಇಳಿದೊಡನೆ ಕುಸಿತವೂ ತಗ್ಗಿತು. ಇಂತಹ ದಿಮ್ಮಿಗಳು ನೆರೆಯಲ್ಲಿ ತೇಲದಂತೆ ನೀರಿನ ಮಟ್ಟವನ್ನೂ, ಪೆಟ್ರೋಲಿನಲ್ಲಿ ಕರಗದಂತೆ ಮೇಲೆ ಕಾಂಕ್ರೀಟ್ ಹಾಸನ್ನೂ ಮೊದಲೇ ಯೋಚಿಸಬೇಕು.

ಕಾಲಾವಕಾಶವಿದ್ದಲ್ಲಿ ಪೂರ್ವಭಾರ, ಕಿಂಚಿತ್ತೂ ಕುಸಿಯಬಾರದಲ್ಲಿ ಕಂಬ, ಹಳೆಯ ರಸ್ತೆ ತನ್ನ ಭಾರಕ್ಕೇ ಮುಳುಗುವಲ್ಲಿ ಹಗುರ ತುಂಬುವಿಕೆ ಯುಕ್ತವಾದುದು.