ಅರ್ಧ ಪುಟದಲ್ಲಿ ಅಡಗಿದ್ದ ಎಂಟು ತಿಂಗಳು

ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮಲೇರಿಯಾ ರೋಗಾಣುವಿನ ಒಂದು ಪ್ರೋಟೀನು ಅವಳ ವಿಷಯ. ನಾಲ್ಕನೇ ವರ್ಷಕ್ಕೆ ಕಾಲಿಟ್ಟಾಗ ಔಷಧ ಕಂಪನಿಗಳಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ಪಿಗೆಂದು 14 ಕಡೆ ಅರ್ಜಿ ಹಾಕಿದಳು. ಒಂದು ಕಡೆಯಿಂದಲೂ ಉತ್ತರವಿಲ್ಲ. ನಾನು ಅಂಥ ಕಂಪನಿಯಲ್ಲಿ ಬಹಳ ವರ್ಷ ದುಡಿದವನು, ಇಂಥ ಅರ್ಜಿಗಳನ್ನು ಓದಿ ಪಕ್ಕಕ್ಕಿಟ್ಟವನೂ ಹೌದು. ಹಾಗಾಗಿ ಒಂದು ಭಾನುವಾರ ಲ್ಯಾಪ್‌ಟಾಪು ಹಿಡಿದು ಮನೆಗೆ ಬಂದಳು.

ಪ್ರೊಫೈಲಿನ ನೆತ್ತಿಯ ಮೇಲೆ ಪ್ರಬಂಧದ ಶೀರ್ಷಿಕೆ, ಎರಡೂವರೆ ಸಾಲು. ಅದರ ಕೆಳಗೆ 'ಕೌಶಲಗಳು': ಪಿಸಿಆರ್, ಜೆಲ್, ವೆಸ್ಟರ್ನ್ ಬ್ಲಾಟ್, ಎಚ್‌ಪಿಎಲ್‌ಸಿ, ಹೀಗೆ ಅಲ್ಪವಿರಾಮ ಹಾಕಿಕೊಂಡು ಹೋದ ಪಟ್ಟಿ. ಜೀವರಸಾಯನ ಓದಿದ ಯಾರದೇ ಅರ್ಜಿ ತೆಗೆದರೂ ಈ ಪಟ್ಟಿ ಇರುತ್ತದೆ. ಹೋಟೆಲಿನ ಬೋರ್ಡಿನ ಮೇಲೆ ಇಡ್ಲಿ, ವಡೆ, ದೋಸೆ ಎಂದು ಬರೆದ ಹಾಗೆ. ಯಾವುದು ಚೆನ್ನಾಗಿರುತ್ತದೆ ಎಂದು ಅದರಿಂದ ತಿಳಿಯದು.

"ಈ ನಾಲ್ಕು ವರ್ಷದಲ್ಲಿ ನಿನ್ನನ್ನು ಅತಿ ಹೆಚ್ಚು ಗೋಳು ಹೊಯ್ದುಕೊಂಡದ್ದು ಯಾವುದು?" ಎಂದೆ.

"ಪ್ರೋಟೀನು ಗಂಟು ಕಟ್ಟೋದು ಮಾವ. ಅದರಲ್ಲೇ ಎಂಟು ತಿಂಗಳು ಹಾಳಾಯ್ತು. ಆಮೇಲೆ ನಿಜವಾದ ಕೆಲಸ ಶುರುವಾಗಿದ್ದು."

ಆ ಎಂಟು ತಿಂಗಳಿಗೆ ಪ್ರಬಂಧದಲ್ಲಿ ಸಿಕ್ಕಿದ್ದು ವಿಧಾನಗಳ ಅಧ್ಯಾಯದ ಅರ್ಧ ಪುಟ. ಪ್ರೊಫೈಲಿನಲ್ಲಿ ಒಂದು ಅಕ್ಷರವೂ ಇಲ್ಲ. ನನ್ನ ಮಟ್ಟಿಗೆ ಅವಳ ಹತ್ತಿರ ಮಾರಾಟಕ್ಕಿದ್ದ ಸರಕು ಅದೊಂದೇ.

ನಡೆದದ್ದು ಇಷ್ಟು. ಬ್ಯಾಕ್ಟೀರಿಯಾದೊಳಗೆ ಬೆಳೆಸಿ ಶುದ್ಧ ಮಾಡಿದ ಪ್ರೋಟೀನನ್ನು ಸಂಜೆ ಫ್ರಿಜ್ಜಿನಲ್ಲಿಟ್ಟರೆ ತಿಳಿನೀರಿನಂತಿರುತ್ತಿತ್ತು. ಬೆಳಗ್ಗೆ ಒಡೆದ ಹಾಲಿನಂತೆ ಬಿಳುಪಾಗಿರುತ್ತಿತ್ತು. ಅಣುಗಳು ಒಂದಕ್ಕೊಂದು ಅಂಟಿ ಗಂಟಾಗುತ್ತಿದ್ದವು. ಯಾವ ದ್ರಾವಣದಲ್ಲಿಟ್ಟರೆ ಅದು ನಿಲ್ಲುತ್ತದೆ ಎಂದು ಅವಳು ಹುಡುಕಿದಳು. 96 ಗುಳಿಗಳ ಪುಟ್ಟ ತಟ್ಟೆಯಲ್ಲಿ, ಒಂದೊಂದು ಗುಳಿಗೆ ಒಂದೊಂದು ಬಗೆಯ ಬಫರ್, ಉಪ್ಪು, ಸಕ್ಕರೆ. ಜೊತೆಗೊಂದು ಬಣ್ಣ. ತಟ್ಟೆಯನ್ನು 25 ಡಿಗ್ರಿಯಿಂದ 95 ಡಿಗ್ರಿಯವರೆಗೆ ನಿಧಾನವಾಗಿ ಕಾಯಿಸುತ್ತ ಹೋದರೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಂಡು ಒಳಗಿನ ಎಣ್ಣೆ ಗುಣದ ಭಾಗ ಹೊರಬರುತ್ತದೆ. ಬಣ್ಣ ಅದಕ್ಕೆ ಅಂಟಿ ಹೊಳೆಯುತ್ತದೆ. ಹೊಳಪು ತಡವಾಗಿ ಬಂದ ಗುಳಿಯಲ್ಲಿ ಪ್ರೋಟೀನು ಗಟ್ಟಿಯಾಗಿದೆ ಎಂದು ಲೆಕ್ಕ. ಕೊನೆಗೆ ಗೆದ್ದದ್ದು ಹಿಸ್ಟಿಡಿನ್ ಬಫರಿಗೆ ಟ್ರೆಹಲೋಸ್ ಎಂಬ ಸಕ್ಕರೆ ಸೇರಿಸಿದ ದ್ರಾವಣ.

ಅವಳು ಇದನ್ನು ತಾಪತ್ರಯ ಎಂದುಕೊಂಡಿದ್ದಳು. ಔಷಧ ಕಂಪನಿಗಳಲ್ಲಿ ಇದಕ್ಕೆಂದೇ ಒಂದು ವಿಭಾಗವಿದೆ, ಹೆಸರು ಫಾರ್ಮುಲೇಶನ್. ಚುಚ್ಚುಮದ್ದಾಗಿ ಕೊಡುವ ಪ್ರೋಟೀನು ಸೀಸೆಯೊಳಗೆ ಗಂಟು ಕಟ್ಟಿದರೆ ಔಷಧದ ಪ್ರಮಾಣ ತಗ್ಗುತ್ತದೆ. ಅದಕ್ಕಿಂತ ಹೆಚ್ಚಾಗಿ, ರೋಗಿಯ ದೇಹ ಆ ಗಂಟನ್ನು ಶತ್ರುವೆಂದು ಬಗೆದು ಔಷಧದ ಮೇಲೇ ತಿರುಗಿಬೀಳಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಹರ್ಸೆಪ್ಟಿನ್ ಎಂಬ ಔಷಧದಲ್ಲಿ ಪ್ರೋಟೀನಿನ ಜೊತೆ ಏನೇನಿದೆ ಎಂದು ನೋಡಿದರೆ ಹಿಸ್ಟಿಡಿನ್ ಮತ್ತು ಟ್ರೆಹಲೋಸ್ ಎರಡೂ ಸಿಗುತ್ತವೆ. ಇದನ್ನು ತೋರಿಸಿದಾಗ ಹುಡುಗಿ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಆಮೇಲೆ ಲ್ಯಾಬ್ ನೋಟ್‌ಬುಕ್ಕುಗಳನ್ನು ತರಿಸಿದೆ. ಪ್ರೊಫೈಲಿಗೆ ಬೇಕಾದ ಅಂಕಿಗಳು ಪ್ರಬಂಧದಲ್ಲಿರುವುದಿಲ್ಲ, ಅಲ್ಲಿರುತ್ತವೆ. 'ಎಚ್‌ಪಿಎಲ್‌ಸಿ ಗೊತ್ತು' ಎಂಬ ಸಾಲನ್ನು ಅಳಿಸಿ ಅವಳು ಬರೆದದ್ದು ಹೀಗೆ: '4 ಡಿಗ್ರಿಯಲ್ಲಿ 7 ದಿನ ಇಟ್ಟಾಗ ಶೇ. 18ರಷ್ಟು ಗಂಟಾಗುತ್ತಿದ್ದ ಪ್ರೋಟೀನಿಗೆ 96 ದ್ರಾವಣಗಳನ್ನು ಪರೀಕ್ಷಿಸಿ ಒಂದನ್ನು ಆರಿಸಿದೆ. ಗಂಟಿನ ಪ್ರಮಾಣ ಶೇ. 3ಕ್ಕೆ ಇಳಿಯಿತು. ಇಬ್ಬರು ಕಿರಿಯ ವಿದ್ಯಾರ್ಥಿಗಳು ನಾನು ಬರೆದಿಟ್ಟ ಕ್ರಮದಿಂದ ಅದೇ ಫಲಿತಾಂಶ ಪಡೆದರು.' ಕೊನೆಯ ವಾಕ್ಯ ಬೇಡ ಎಂದು ಅವಳು ಹಟ ಹಿಡಿದಳು. ಕಂಪನಿಯವರು ಮೊದಲು ಓದುವುದು ಅದನ್ನೇ ಎಂದು ಉಳಿಸಿದೆ. ಒಬ್ಬಳ ಕೈಗುಣಕ್ಕೆ ಬರುವ ಫಲಿತಾಂಶದಿಂದ ಕಾರ್ಖಾನೆಗೆ ಉಪಯೋಗವಿಲ್ಲ.

ಆದರೆ ಅಂಕಿ ಬರೆದವರು ಅದನ್ನು ಕಾಯಲೂಬೇಕು. ಗಂಟನ್ನು ಅಳೆಯುವ ಕಾಲಂ ಎಂದರೆ ಸೂಕ್ಷ್ಮ ರಂಧ್ರಗಳ ಮಣಿ ತುಂಬಿದ ಕೊಳವೆ. ಜಾತ್ರೆಯಲ್ಲಿ ಗುಂಪಾಗಿ ಹೊರಟವರು ನೇರ ಬೀದಿ ಹಿಡಿದು ದಾಟುತ್ತಾರೆ, ಒಂಟಿ ಹುಡುಗರು ಅಂಗಡಿ ಅಂಗಡಿಗೆ ನುಗ್ಗಿ ತಡವಾಗಿ ಬರುತ್ತಾರೆ. ಹಾಗೆಯೇ ದೊಡ್ಡ ಗಂಟು ರಂಧ್ರಕ್ಕೆ ಹೊಗದೆ ಮೊದಲು ಹೊರಬರುತ್ತದೆ, ಒಂಟಿ ಅಣು ಆಮೇಲೆ. ಇಲ್ಲೊಂದು ಮೋಸವಿದೆ. ತೀರಾ ದೊಡ್ಡ ಗಂಟುಗಳು ಕಾಲಮ್ಮಿಗೆ ಹೋಗುವ ಮೊದಲೇ ಸೋಸುವಾಗ ನಿಂತುಬಿಡುತ್ತವೆ. ಆಗ ಗ್ರಾಫಿನಲ್ಲಿ ಗಂಟು ಕಡಿಮೆಯೆಂದು ಕಾಣುತ್ತದೆ, ನಿಜಕ್ಕೂ ಪ್ರೋಟೀನೇ ಕಳೆದುಹೋಗಿರುತ್ತದೆ. ಪತ್ತೆ ಹಚ್ಚುವುದು ಸುಲಭ: ಗ್ರಾಫಿನ ಒಟ್ಟು ವಿಸ್ತೀರ್ಣವನ್ನು ಮೊದಲ ದಿನದ್ದರ ಜೊತೆ ಹೋಲಿಸಬೇಕು. ನಾನು ಸಂದರ್ಶನದಲ್ಲಿ ಕೇಳುತ್ತಿದ್ದ ಮೊದಲ ಪ್ರಶ್ನೆ ಇದೇ, ಅರ್ಧದಷ್ಟು ಮಂದಿ ಇಲ್ಲೇ ಮುಗ್ಗರಿಸುತ್ತಿದ್ದರು. ಇವಳ ನೋಟ್‌ಬುಕ್ಕಿನಲ್ಲಿ ವಿಸ್ತೀರ್ಣ ಬರೆದಿತ್ತು. ಏಳನೇ ದಿನವೂ ಶೇ. 97ರಷ್ಟು ಉಳಿದಿತ್ತು. ಬದುಕಿಕೊಂಡಳು.

ಒಂದು ಸಾಲನ್ನು ಮಾತ್ರ ಮುಲಾಜಿಲ್ಲದೆ ಹೊಡೆದುಹಾಕಿದೆ: 'ಜಿಎಂಪಿ ಅನುಭವ'. ಎರಡು ದಿನದ ಆನ್‌ಲೈನ್ ತರಗತಿಗೆ ಕೂತಿದ್ದಳಂತೆ. ಜಿಎಂಪಿ ಎಂದರೆ ಔಷಧ ತಯಾರಿಕೆಯ ಕಟ್ಟುಪಾಡು. ಅಲ್ಲಿ ತಪ್ಪಾಗಿ ಬರೆದ ಒಂದು ಅಂಕಿಯನ್ನು ತಿದ್ದಬೇಕಾದರೂ ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು ಸಹಿ, ತಾರೀಕು ಹಾಕಬೇಕು. ಅದರಲ್ಲಿ ದುಡಿದವರಿಗೆ ದುಡಿಯದವರು ಎರಡು ನಿಮಿಷದಲ್ಲಿ ಗೊತ್ತಾಗುತ್ತಾರೆ. ಅವಳು ಅಳೆದದ್ದು ಮಿಲಿಲೀಟರಿಗೆ 2 ಮಿಲಿಗ್ರಾಂ ಪ್ರೋಟೀನು, ಚರ್ಮದಡಿಗೆ ಚುಚ್ಚುವ ಪ್ರತಿಕಾಯ ಔಷಧಗಳಲ್ಲಿ ಅದು ಹಲವು ಸಲ 100 ದಾಟುತ್ತದೆ. ಅಷ್ಟು ಸಾಂದ್ರತೆಯಲ್ಲಿ ದ್ರಾವಣ ಜೇನಿನಂತೆ ಮಂದವಾಗುತ್ತದೆ, ಗಂಟು ಕಟ್ಟುವ ಚಾಳಿಯೂ ಹೆಚ್ಚುತ್ತದೆ. 'ಆ ಮಟ್ಟದಲ್ಲಿ ನಾನು ಕೆಲಸ ಮಾಡಿಲ್ಲ, ಅದನ್ನು ಕಲಿಯಲೆಂದೇ ಬರುತ್ತಿದ್ದೇನೆ' ಎಂದು ಅರ್ಜಿಯ ಪತ್ರದಲ್ಲಿ ಬರೆಸಿದೆ. ಇಂಟರ್ನ್ ಆಗಲು ಬರುವವರಿಂದ ಯಾರೂ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದಿಲ್ಲ.

ಎರಡೂವರೆ ಸಾಲಿನ ಶೀರ್ಷಿಕೆ ಕೆಳಗಿಳಿದು 'ವಿದ್ಯಾಭ್ಯಾಸ'ದಡಿ ಸೇರಿತು. ಪ್ರೋಟೀನಿನ ಹೆಸರನ್ನೂ ತೆಗೆದೆವು. ಪ್ರಕಟವಾಗದ ಸಂಶೋಧನೆಯನ್ನು ಎಲ್ಲರ ಕಣ್ಣಿಗೆ ಬೀಳುವ ಪ್ರೊಫೈಲಿನಲ್ಲಿ ಬಿಚ್ಚಿಟ್ಟರೆ ಮುಂದೆ ಪೇಟೆಂಟಿಗೆ ಅಡ್ಡಿಯಾಗಬಹುದು, ಆ ದತ್ತಾಂಶ ಅವಳೊಬ್ಬಳದೂ ಅಲ್ಲ. ಅದಕ್ಕೇ ಹೊಸ ಪ್ರೊಫೈಲನ್ನು ಕಂಪನಿಗೆ ಕಳಿಸುವ ಮೊದಲು ಗೈಡಿಗೆ ತೋರಿಸು ಎಂದೆ. ಅಂಜುತ್ತಲೇ ತೋರಿಸಿದಳು. ಅವರು ಒಪ್ಪಿದರು, ಮೂರನೇ ಅಧ್ಯಾಯದ ಕರಡು ಮುಗಿಸಿಕೊಟ್ಟು ಹೋಗಬೇಕೆಂಬ ಷರತ್ತಿನ ಮೇಲೆ. ಫೆಲೋಶಿಪ್ ಪಡೆಯುವವರು ಬೇರೆ ಕಡೆಯ ಸ್ಟೈಪೆಂಡ್ ತೆಗೆದುಕೊಳ್ಳಬಹುದೇ ಎಂಬುದನ್ನು ಸಂಸ್ಥೆಯ ಕಚೇರಿಯಲ್ಲಿ ಮೊದಲೇ ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಈ ಸಲ ಅವಳು ಅರ್ಜಿ ಹಾಕಿದ್ದು ಐದೇ ಕಡೆ, ಐದೂ ಫಾರ್ಮುಲೇಶನ್ ವಿಭಾಗಗಳಿಗೆ. ಎರಡು ಕಡೆಯಿಂದ ಕರೆ ಬಂತು, ಒಂದು ಕಡೆ ತೆಗೆದುಕೊಂಡರು. ಮೊದಲ ವಾರ ಕೊಟ್ಟ ಕೆಲಸ ಏನೆಂದು ಕೇಳಿದೆ. 96 ಗುಳಿಗಳ ತಟ್ಟೆಯಂತೆ.